ಮೊಬೈಲಿನ ಸಂದೇಶ, ಅಜ್ಜನ ಚೀಟಿ



ಗೆಳೆಯರಿಗೂ ಒಡಹುಟ್ಟಿದವರಿಗೂ ನೀವು ಮೊಬೈಲಿನಲ್ಲಿ ಕಳುಹಿಸುವ ಸಂದೇಶಗಳು ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಇದರ ಬಗ್ಗೆ ನನ್ನ ಆಕ್ಷೇಪವೇನೂ ಇಲ್ಲ. ಬರೆಯುವವರಿಗೂ ಓದುವವರಿಗೂ ಎರಡು ಭಾಷೆಯೂ ಗೊತ್ತು, ಹಿಂದಿನ ವಿಷಯ ಗೊತ್ತು, ಅರ್ಥವಾಗದಿದ್ದರೆ ಮರುಕ್ಷಣವೇ ಕೇಳಬಹುದು. ತೊಡಕು ಹುಟ್ಟುವುದು ಅದೇ ಸಂದೇಶವನ್ನು ಮನೆಯ ಹಿರಿಯರೊಬ್ಬರಿಗೆ ಕನ್ನಡದಲ್ಲಿ ಬರೆದು ತಿಳಿಸಬೇಕಾದಾಗ. ಇಂಗ್ಲಿಷ್ ಪದಗಳನ್ನು ತೆಗೆದು ಅಲ್ಲಿ ಕನ್ನಡ ಪದಗಳನ್ನು ಕೂರಿಸಿದರೆ ಕೆಲಸ ಮುಗಿಯಿತು ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗೆ ಮಾಡಿದ ಬರಹ ನೋಡಲು ಶುದ್ಧವಾಗಿದ್ದೂ ಓದಿದವರನ್ನು ದಾರಿ ತಪ್ಪಿಸಬಲ್ಲದು. ಹೇಗೆಂಬುದನ್ನು ಇಂದು ಒಂದೇ ಒಂದು ಸಂದೇಶವನ್ನು ಇಟ್ಟುಕೊಂಡು ನೋಡೋಣ.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಊರು ತೀರ್ಥಹಳ್ಳಿಯ ಹತ್ತಿರದ ಒಂದು ಹಳ್ಳಿ. ಅಜ್ಜನಿಗೆ ಎಡಗಣ್ಣಿನ ಪೊರೆ ತೆಗೆಸಿಯಾಗಿದೆ, ಬಲಗಣ್ಣಿನದು ಬಾಕಿ. ಕಿವಿ ಮಂದವಾದ್ದರಿಂದ ಫೋನಿನ ಮಾತು ಸರಿಯಾಗಿ ಕೇಳುವುದಿಲ್ಲ. ಆದರೆ ಕನ್ನಡ ಪತ್ರಿಕೆಯನ್ನು ದಿನವೂ ಓದುತ್ತಾರೆ. ಮೊಮ್ಮಗಳು ಕಾಲೇಜು ವಿದ್ಯಾರ್ಥಿನಿ. ಗುರುವಾರ ಬೆಳಿಗ್ಗೆ ಅವಳು ಎನ್.ಎಸ್.ಎಸ್. ಶಿಬಿರಕ್ಕೆ ಹೊರಡಬೇಕು. ಆರು ಗಂಟೆಗೆ ಎದ್ದು ನೋಡಿದರೆ ಮೊಬೈಲಿನಲ್ಲಿ ಬೆಂಗಳೂರಿನ ಅಣ್ಣನ ಸಂದೇಶವಿದೆ. ಅವನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದದ್ದನ್ನು ಕನ್ನಡ ಲಿಪಿಯಲ್ಲಿ ಇಳಿಸಿದರೆ ಹೀಗಿರುತ್ತದೆ:

“ಹೇ, ಅಜ್ಜನ ಸರ್ಜರಿ ಪೋಸ್ಟ್‌ಪೋನ್ ಆಯ್ತು. ಶುಗರ್ ಹೈ ಇದೆಯಂತೆ. ನಾಳೆ ಮಾರ್ನಿಂಗ್ ಫಾಸ್ಟಿಂಗ್ ಬ್ಲಡ್ ಕೊಡ್ಬೇಕು, ತಿಂಡಿ ಆಗಿ ಟೂ ಅವರ್ಸ್‌ಗೆ ಮತ್ತೆ. ವಾಟರ್ ಓಕೆ. ಶುಗರ್ ಟ್ಯಾಬ್ಲೆಟ್ ಮಾರ್ನಿಂಗ್ ಸ್ಕಿಪ್, ತಿಂಡಿ ಜೊತೆ ತಗೊಳ್ಲಿ ಅಂದ್ರು ಡಾಕ್ಟ್ರು. ಬಿಪಿದು ಕಂಟಿನ್ಯೂ. ರಿಪೋರ್ಟ್ ನಾರ್ಮಲ್ ಬಂದ್ರೆ ನೆಕ್ಸ್ಟ್ ವೀಕ್ ಡೇಟ್ ಕೊಡ್ತಾರಂತೆ. ಎಯ್ಟ್ ಒಳಗೆ ಲ್ಯಾಬ್ ರೀಚ್ ಆಗ್ಬೇಕು, ಚಿಕ್ಕಪ್ಪ ಕರ್ಕೊಂಡೋಗ್ತಾರೆ. ಓಲ್ಡ್ ರಿಪೋರ್ಟ್ಸ್ ಮರೀಬೇಡಿ. ಟೆನ್ಷನ್ ಬೇಡ ಅನ್ನು.”

ಅಣ್ಣ ತಂಗಿಯರ ನಡುವೆ ಇದು ಸಾಕು. ಅಜ್ಜನಿಗೆ ಇದನ್ನು ಒಂದು ಹಾಳೆಯಲ್ಲಿ ಬರೆದಿಟ್ಟು ಮೊಮ್ಮಗಳು ಏಳು ಗಂಟೆಯ ಬಸ್ಸಿಗೆ ಹೋಗಬೇಕು.

ಮೊದಲು ಕಾಲದ ವಿಚಾರ. “ನಾಳೆ” ಎಂದು ಅಣ್ಣ ಬರೆದಿದ್ದಾನೆ. ಇದು ಇಂಗ್ಲಿಷ್ ಪದವಲ್ಲ, ಅಪ್ಪಟ ಕನ್ನಡ. ಆದ್ದರಿಂದ ಇದನ್ನು ಹಾಗೆಯೇ ನಕಲು ಮಾಡಿಬಿಡುತ್ತೇವೆ. ಆದರೆ ಸಂದೇಶ ಬಂದಿರುವ ಹೊತ್ತನ್ನು ನೋಡಿ: ರಾತ್ರಿ 12 ಗಂಟೆ 10 ನಿಮಿಷ. ಗಡಿಯಾರದ ಪ್ರಕಾರ ಆಗ ಗುರುವಾರ ಹುಟ್ಟಿಯಾಗಿತ್ತು. ಹಾಗಾದರೆ ನಾಳೆ ಎಂದರೆ ಶುಕ್ರವಾರ. ಆದರೆ ಇನ್ನೂ ಮಲಗದೆ ಕುಳಿತವನ ಮನಸ್ಸಿನಲ್ಲಿ ಅದು ಬುಧವಾರದ ರಾತ್ರಿಯೇ. ಹಾಗಾದರೆ ನಾಳೆ ಎಂದರೆ ಗುರುವಾರ, ಅಂದರೆ ಈಗಲೇ. ಅಜ್ಜ ಐದೂವರೆಗೇ ಎದ್ದು ಕಾಫಿ ಕುಡಿದಾಗಿದೆ. ಯಾವ ನಿಘಂಟಿನಿಂದಲೂ ಇದು ಬಗೆಹರಿಯುವುದಿಲ್ಲ. ಅಣ್ಣನನ್ನೇ ಕೇಳಬೇಕು. ಕೇಳಿದಾಗ ಶುಕ್ರವಾರ, 13ನೇ ತಾರೀಖು ಎಂದು ಉತ್ತರ ಬಂತೆನ್ನಿ. ಇನ್ನು ಚೀಟಿಯಲ್ಲಿ ಬರಿಯ “ನಾಳೆ” ಇರಕೂಡದು. ಚೀಟಿಯನ್ನು ಅಜ್ಜ ಇಂದು ಮಧ್ಯಾಹ್ನವೂ ಓದುತ್ತಾರೆ, ರಾತ್ರಿಯೂ ಓದುತ್ತಾರೆ, ಶುಕ್ರವಾರ ಬೆಳಿಗ್ಗೆ ಎದ್ದು ಮತ್ತೊಮ್ಮೆ ನೋಡುತ್ತಾರೆ. ಆಗ “ನಾಳೆ” ಎಂಬುದು ಶನಿವಾರಕ್ಕೆ ಜಾರಿರುತ್ತದೆ. ವಾರದ ಹೆಸರು ಮತ್ತು ತಾರೀಖು ಎರಡನ್ನೂ ಬರೆದರೆ ಅದು ಜಾರುವುದಿಲ್ಲ. ಒಂದರಲ್ಲಿ ಕೈತಪ್ಪಾದರೂ ಇನ್ನೊಂದು ಅದನ್ನು ತೋರಿಸಿಕೊಡುತ್ತದೆ. “ನೆಕ್ಸ್ಟ್ ವೀಕ್” ಎಂಬುದಕ್ಕೂ ಇದೇ ಮಾತು. “ಮುಂದಿನ ವಾರ” ಎಂದು ಬರೆಯಬಹುದು, ಆದರೆ ಸೋಮವಾರ 16ರಿಂದ ಎಂದು ಸೇರಿಸಿದರೆ ಸ್ಪಷ್ಟ.

ಈಗ ಈ ಸಂದೇಶದಲ್ಲಿ ಎಲ್ಲಕ್ಕಿಂತ ಅಪಾಯದ ಪದಕ್ಕೆ ಬರೋಣ. ಅದು “ಫಾಸ್ಟಿಂಗ್”. ಇಂಗ್ಲಿಷ್–ಕನ್ನಡ ನಿಘಂಟನ್ನು ತೆರೆದರೆ ಉಪವಾಸ ಎಂಬ ಅರ್ಥ ಸಿಗುತ್ತದೆ. “ಉಪವಾಸವಿದ್ದು ರಕ್ತ ಪರೀಕ್ಷೆಗೆ ಬರಬೇಕು” ಎಂದು ಬರೆದರೆ ವಾಕ್ಯ ಸೊಗಸಾಗಿಯೇ ಇದೆ. ಆದರೆ ಅಜ್ಜನಿಗೆ ಉಪವಾಸವೆಂದರೆ ಏನು? ಏಕಾದಶಿಯ ಉಪವಾಸ. ನಮ್ಮ ಅನೇಕ ಮನೆಗಳಲ್ಲಿ ಆ ದಿನ ಅನ್ನ ಬಿಡುತ್ತಾರೆಯೇ ಹೊರತು ಅವಲಕ್ಕಿ, ಉಪ್ಪಿಟ್ಟು, ಬಾಳೆಹಣ್ಣು, ಹಾಲು, ಕಾಫಿ ಇವೆಲ್ಲ ನಡೆಯುತ್ತವೆ. ಅದಕ್ಕೆ ಫಲಾಹಾರವೆಂದು ಹೆಸರು. ಈ ಅರ್ಥದ ಉಪವಾಸ ಮಾಡಿ ಅಜ್ಜ ಬಾಳೆಹಣ್ಣು ತಿಂದು ಹಾಲು ಕುಡಿದು ಹೋದರೆ, ರಕ್ತದಲ್ಲಿ ಸಕ್ಕರೆ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ, ಆಪರೇಷನ್ ಮತ್ತೊಮ್ಮೆ ಮುಂದಕ್ಕೆ ಹೋಗುತ್ತದೆ. ಇನ್ನು ಕೆಲವು ಮನೆಗಳ ಕಟ್ಟುನಿಟ್ಟಿನ ಉಪವಾಸದಲ್ಲಿ ಒಂದು ತೊಟ್ಟು ನೀರೂ ಇಲ್ಲ. ಆ ಅರ್ಥ ತೆಗೆದುಕೊಂಡರೆ, ನೀರು ಕುಡಿಯಬಹುದು ಎಂದು ಡಾಕ್ಟರು ಹೇಳಿದ್ದರೂ ವಯಸ್ಸಾದವರು ಬಾಯಾರಿ ಕುಳಿತಿರುತ್ತಾರೆ. ಒಂದೇ ಕನ್ನಡ ಪದ ಎರಡು ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ಡಾಕ್ಟರು ಹೇಳಿದ್ದು ಎರಡೂ ಅಲ್ಲ.

ಹಾಗಾದರೆ ಏನು ಮಾಡಬೇಕು? ಪದಕ್ಕೆ ಪದವನ್ನು ಹುಡುಕುವುದನ್ನು ಬಿಟ್ಟು, ಆ ಪದ ಹೇಳುವ ಕೆಲಸವನ್ನು ಬರೆಯಬೇಕು. ಸಕ್ಕರೆಯ ಈ ಪರೀಕ್ಷೆಗೆ ಮೊದಲು ಕನಿಷ್ಠ ಎಂಟು ಗಂಟೆ ಕಾಲ ನೀರಿನ ಹೊರತು ಬೇರೇನೂ ಹೊಟ್ಟೆಗೆ ಹೋಗಿರಬಾರದು. ಇದನ್ನು ಅಜ್ಜನ ದಿನಚರಿಗೆ ಹೊಂದಿಸಿ ಹೇಳಿ: ರಾತ್ರಿ ಊಟ ಒಂಬತ್ತರೊಳಗೆ ಮುಗಿಯಬೇಕು, ಆಮೇಲೆ ಏನನ್ನೂ ತಿನ್ನಬಾರದು, ಬೆಳಿಗ್ಗೆ ಕಾಫಿ, ಹಾಲು, ಹಣ್ಣು ಬೇಡ, ನೀರು ಕುಡಿಯಬಹುದು. ಒಂದು ಪದದ ಜಾಗದಲ್ಲಿ ನಾಲ್ಕು ವಾಕ್ಯ ಬಂದವು. ಬರಲಿ. “ತಿಂಡಿ ಆಗಿ ಟೂ ಅವರ್ಸ್” ಎಂಬುದೂ ಹೀಗೆಯೇ ಬಿಡಿಸಬೇಕಾದ ಗಂಟು. ಎರಡು ಗಂಟೆಯನ್ನು ತಿಂಡಿ ಮುಗಿಸಿದಾಗಿನಿಂದ ಎಣಿಸಬೇಕೋ, ತಿನ್ನಲು ಕುಳಿತಾಗಿನಿಂದಲೋ? ತಿನ್ನಲು ತೊಡಗಿದ ಹೊತ್ತಿನಿಂದ ಎಣಿಸುವುದು ಪದ್ಧತಿ. ನಡುವೆ ಮತ್ತೇನೂ ತಿನ್ನಬಾರದು. ಹೋಟೆಲಿನಲ್ಲಿ ನಿಧಾನವಾಗಿ ಇಡ್ಲಿ ತಿಂದು, ಪರಿಚಯದವರೊಡನೆ ಮಾತಾಡುತ್ತ ಕುಳಿತರೆ ಅರ್ಧ ಗಂಟೆ ಹೇಗೆ ಹೋಯಿತೆಂದು ತಿಳಿಯುವುದಿಲ್ಲ ಎಂಬುದನ್ನು ನಾನು ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ಸಮನಾದ ಇನ್ನೊಂದು ಎಡವುಗಲ್ಲು “ಸ್ಕಿಪ್”. ಇದಕ್ಕೆ “ಬಿಡಿ” ಎಂದು ಬರೆಯುವವರೇ ಹೆಚ್ಚು. “ಸಕ್ಕರೆ ಮಾತ್ರೆ ಬಿಡಿ” ಎಂದರೆ ಕನ್ನಡದಲ್ಲಿ ಏನರ್ಥ? ಹೊಗೆಸೊಪ್ಪು ಬಿಡಿ ಎನ್ನುವಂತೆ, ಇನ್ನು ಮುಂದೆ ಬೇಡವೇ ಬೇಡ ಎಂದು. ಅಜ್ಜ ಅಂದಿನಿಂದ ಮಾತ್ರೆಯನ್ನೇ ನಿಲ್ಲಿಸಿದರೆ ತಪ್ಪು ಅವರದಲ್ಲ. ಅಣ್ಣ ಹೇಳಿದ್ದು ಮಾತ್ರೆಯ ಹೊತ್ತನ್ನು ಬದಲಿಸುವ ವಿಚಾರ: ಎದ್ದ ಕೂಡಲೇ ಬೇಡ, ಮೊದಲ ಸಲ ರಕ್ತ ತೆಗೆದಾದ ಮೇಲೆ ತಿಂಡಿಯ ಜೊತೆಗೆ. ಹೀಗೆ ಬರೆದರೆ ಇಲ್ಲ ಎಂಬುದರ ಪಕ್ಕದಲ್ಲಿಯೇ ಯಾವಾಗ ಎಂಬುದೂ ಇರುತ್ತದೆ. ಅಂದ ಹಾಗೆ, ಇದು ಈ ಅಜ್ಜನಿಗೆ ಅವರ ಡಾಕ್ಟರು ಹೇಳಿದ ಕ್ರಮ. ನಿಮ್ಮ ಮನೆಯವರ ಮಾತ್ರೆಗೆ ನಿಮ್ಮ ಡಾಕ್ಟರನ್ನೇ ಕೇಳಬೇಕು. “ಬಿಪಿದು ಕಂಟಿನ್ಯೂ” ಎಂಬಲ್ಲಿ ಮಾತ್ರೆ ಎಂಬ ಪದವೇ ಇಲ್ಲ. ಹಿಂದಿನ ವಾಕ್ಯದಿಂದ ಅದನ್ನು ಎಳೆದು ತರಬೇಕು. ಎರಡು ಮಾತ್ರೆಗಳ ಸಂಗತಿ ಅಕ್ಕಪಕ್ಕದಲ್ಲಿ ಬರುವಾಗ ಪ್ರತಿಯೊಂದು ವಾಕ್ಯದಲ್ಲಿಯೂ ಮಾತ್ರೆಯ ಹೆಸರನ್ನು ಪೂರ್ತಿಯಾಗಿ ಬರೆಯಬೇಕು. “ಅದು”, “ಇನ್ನೊಂದು” ಎಂದು ಬರೆದರೆ ತಿರುವುಮುರುವಾಗುತ್ತದೆ.

“ಬ್ಲಡ್ ಕೊಡ್ಬೇಕು” ಎಂಬುದನ್ನು “ರಕ್ತ ಕೊಡಬೇಕು” ಎಂದರೆ ಓದಿದವರು ರಕ್ತದಾನವೆಂದುಕೊಂಡು ಬೆಚ್ಚಬಹುದು. “ರಕ್ತ ಪರೀಕ್ಷೆ ಮಾಡಿಸಬೇಕು” ಎಂದರೆ ಆಯಿತು.

ಹಾಗೆಂದು ಎಲ್ಲ ಇಂಗ್ಲಿಷ್ ಪದವನ್ನೂ ಅಟ್ಟಬೇಕಾಗಿಲ್ಲ. ನಮ್ಮಲ್ಲಿ ಕೆಲವರು ಶಿಷ್ಟ ಕನ್ನಡವೆಂದರೆ ಕಚೇರಿಯ ಸುತ್ತೋಲೆ ಎಂದು ಭಾವಿಸಿ, “ನಿರಾಹಾರ ಸ್ಥಿತಿಯಲ್ಲಿ ರಕ್ತದ ಮಾದರಿಯನ್ನು ಪ್ರಯೋಗಾಲಯಕ್ಕೆ ನೀಡತಕ್ಕದ್ದು” ಎಂದು ಬರೆಯುತ್ತಾರೆ. ಇದು ಅಜ್ಜನಿಗೆ ಇಂಗ್ಲಿಷಿಗಿಂತ ಕಷ್ಟ. ಪ್ರಯೋಗಾಲಯವೆಂದರೆ ಕಾಲೇಜಿನಲ್ಲಿ ಗಾಜಿನ ನಳಿಗೆಗಳಿರುವ ಕೋಣೆ. ಇಲ್ಲಿ ಒರೆಗಲ್ಲು ಒಂದೇ: ಆ ಹಿರಿಯರ ಬಾಯಲ್ಲಿ ಯಾವ ಪದವಿದೆ? ಬಿಪಿ, ಡಾಕ್ಟರು, ಆಪರೇಷನ್, ಬಸ್ಸು ಇವು ಅಜ್ಜನ ಬಾಯಲ್ಲಿ ದಿನವೂ ಇರುವ ಮಾತುಗಳು, ಅವು ಉಳಿಯಲಿ. ಪೋಸ್ಟ್‌ಪೋನ್, ಕಂಟಿನ್ಯೂ, ನಾರ್ಮಲ್ ಇಲ್ಲ, ಅವು ಹೋಗಲಿ. ಈ ಒರೆಗಲ್ಲು ಊರಿನಿಂದ ಊರಿಗೆ ಬೇರೆ ಬೇರೆ ಉತ್ತರ ಕೊಡುತ್ತದೆ. ಇದೇ ಚೀಟಿ ಧಾರವಾಡದ ಕಡೆಯ ಅಜ್ಜನಿಗಾದರೆ ಮಾತ್ರೆಯ ಬದಲು “ಗುಳಿಗೆ”, ಆಸ್ಪತ್ರೆಯ ಬದಲು “ದವಾಖಾನೆ”, ಬೆಳಿಗ್ಗೆಯ ಬದಲು “ಮುಂಜಾನೆ” ಎಂದು ಬರೆಯುವುದೇ ಸರಿ. ಹಳೆಯ ಮೈಸೂರಿನವರಿಗೆ ಮುಂಜಾನೆ ಎಂದರೆ ನಸುಕು ಹರಿಯುವ ಹೊತ್ತು. ವಾಕ್ಯದ ಕಟ್ಟು ಶಿಷ್ಟವಾಗಿರಲಿ, ಪದ ಅವರ ಮನೆಯದಾಗಿರಲಿ.

ವಾಕ್ಯದ ಕಟ್ಟು ಎಂದೆ. ಸಂದೇಶದಲ್ಲಿ ಆಡುಮಾತಿನ ಕ್ರಿಯಾಪದಗಳಿವೆ: ಆಯ್ತು, ಬಂದ್ರೆ, ಆಗ್ಬೇಕು, ಕರ್ಕೊಂಡೋಗ್ತಾರೆ. ಇವನ್ನು ಆಯಿತು, ಬಂದರೆ, ಆಗಬೇಕು, ಕರೆದುಕೊಂಡು ಹೋಗುತ್ತಾರೆ ಎಂದು ಬಿಡಿಸಿ ಬರೆಯುವುದು ನಿಮಗೆ ಗೊತ್ತೇ ಇದೆ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿರುವುದರಿಂದ ಮೊದಲು ಓದುವಾಗಲೇ ಎಚ್ಚರ ಬೇಕು: `tindi` ಎಂಬುದು ತಿಂಡಿಯೂ ಆಗಬಹುದು, “ನೀನು ತಿಂದಿ” ಎಂಬ ತಿಂದಿಯೂ ಆಗಬಹುದು, `bele` ಎಂಬುದು ಬೆಲೆ, ಬೆಳೆ, ಬೇಳೆ ಮೂರೂ ಹೌದು. ಇವೆಲ್ಲ ಸಂದರ್ಭದಿಂದ ಸಾಮಾನ್ಯವಾಗಿ ತಿಳಿಯುತ್ತವೆ. ತಿಳಿಯದೆ ಉಳಿಯುವುದು ಯಾರು, ಯಾರಿಗೆ ಎಂಬುದು.

ಸಂದೇಶದಲ್ಲಿ ಅಣ್ಣ ತಂಗಿಯೊಡನೆ ಅಜ್ಜನ ಬಗ್ಗೆ ಮಾತಾಡುತ್ತಿದ್ದಾನೆ. ಚೀಟಿಯಲ್ಲಿ ತಂಗಿ ಅಜ್ಜನೊಡನೆಯೇ ಮಾತಾಡುತ್ತಾಳೆ. ಆದ್ದರಿಂದ ಎಲ್ಲ ಕ್ರಿಯಾಪದಗಳೂ ಮುಖ ತಿರುಗಿಸಬೇಕು. “ತಗೊಳ್ಲಿ” ಎಂಬುದು “ತೆಗೆದುಕೊಳ್ಳಲಿ” ಆಗದೆ “ತೆಗೆದುಕೊಳ್ಳಿ” ಆಗುತ್ತದೆ. “ಮರೀಬೇಡಿ” ಎಂದು ಅಣ್ಣ ಮನೆಯವರಿಗೆಲ್ಲ ಹೇಳಿದ್ದು. ಹಳೆಯ ರಿಪೋರ್ಟು ಹುಡುಕುವ ಕೆಲಸ ಅಜ್ಜನದೋ ಮೊಮ್ಮಗಳದೋ? ಅವಳೇ ತೆಗೆದು ಚೀಲದಲ್ಲಿಟ್ಟು, “ಇಟ್ಟಿದ್ದೇನೆ, ಚೀಲ ಮರೆಯಬೇಡಿ” ಎಂದು ಬರೆಯುವುದು ಒಳ್ಳೆಯದು. ಮನೆಯ ಮಾತಿನಲ್ಲಿ ಅವಳು ಅಜ್ಜನನ್ನು ನೀನು ಎಂದೇ ಕರೆಯುತ್ತಿರಬಹುದು. ಅನೇಕ ಮನೆಗಳಲ್ಲಿ ಅದು ಸಲಿಗೆಯ ರೂಢಿ. ಬರಹದಲ್ಲಿ ಮಾತ್ರ ನೀವು ಎಂದಿರಲಿ. ಒಮ್ಮೆ ನೀವು ಎಂದು ಹಿಡಿದ ಮೇಲೆ ಕೊನೆಯವರೆಗೂ ಅದೇ ನಡೆಯಬೇಕು. ನಡುವೆ ಎಲ್ಲೋ “ಕುಡಿಯಬೇಡ” ಎಂದು ಜಾರಿದರೆ ಗದರಿಸಿದ ಹಾಗಾಗುತ್ತದೆ.

ಇನ್ನೊಂದು ಸಣ್ಣ ಪ್ರತ್ಯಯ ಉಳಿದಿದೆ. ಅದು “ಅಂತೆ”. ಕನ್ನಡದ ಈ ಎರಡಕ್ಷರ, ಹೇಳುವವನು ತಾನೇ ಕಂಡದ್ದಲ್ಲ, ಬೇರೆಯವರಿಂದ ಕೇಳಿದ್ದು ಎಂಬುದನ್ನು ಸೂಚಿಸುತ್ತದೆ. ಶಿಷ್ಟವಾಗಿ ಬರೆಯುವ ಉತ್ಸಾಹದಲ್ಲಿ ಇದು ಆಡುಮಾತೆಂದು ಕೈಬಿಡುವವರಿದ್ದಾರೆ. “ಮುಂದಿನ ವಾರ ದಿನ ಕೊಡುತ್ತಾರಂತೆ” ಎಂಬುದು “ಮುಂದಿನ ವಾರ ದಿನ ಕೊಡುತ್ತಾರೆ” ಎಂದಾಯಿತು ಎನ್ನಿ. ಮೊದಲನೆಯದು ಡಾಕ್ಟರ ಮಾತಿನ ಮೇಲೆ ನಿಂತ ನಿರೀಕ್ಷೆ, ಎರಡನೆಯದು ನಿಶ್ಚಯ. ಅಜ್ಜ ಅದನ್ನು ನಂಬಿ, ಮುಂದಿನ ವಾರ ತೋಟದ ಕೆಲಸಕ್ಕೆ ಗೊತ್ತು ಮಾಡಿದ್ದ ಆಳುಗಳಿಗೆ ಬೇಡವೆಂದು ಹೇಳಿ ಕಳುಹಿಸಿಬಿಡಬಹುದು. ಅದಕ್ಕೂ ಮಿಗಿಲಾಗಿ, “ರಿಪೋರ್ಟ್ ನಾರ್ಮಲ್ ಬಂದ್ರೆ” ಎಂಬ ಷರತ್ತು ಇದೆ. ಷರತ್ತನ್ನು ವಾಕ್ಯದ ಮೊದಲಿಗೇ ಇಡಬೇಕು, ಯಾರು ಹೇಳಿದ್ದು ಎಂಬುದನ್ನೂ ತುಂಬಬೇಕು. “ಟೆನ್ಷನ್ ಬೇಡ” ಎಂಬಲ್ಲಿಯೂ ಅಷ್ಟೇ. ಅಣ್ಣ ಗಾಬರಿ ಬೇಡ ಎಂದಿದ್ದಾನೆ. ಅದನ್ನು “ಎಲ್ಲ ಸರಿಹೋಗುತ್ತದೆ” ಎಂದು ಹಿಗ್ಗಿಸುವ ಅಧಿಕಾರ ಚೀಟಿ ಬರೆಯುವವರಿಗಿಲ್ಲ.

ಬರೆಯುವ ಕೈಯ ಬಗ್ಗೆಯೂ ಒಂದು ಮಾತು. ಓದುವವರಿಗೆ ಒಂದೇ ಕಣ್ಣು ಚೆನ್ನಾಗಿದೆ. ಕಪ್ಪು ಶಾಯಿ, ಬಿಳಿಯ ಹಾಳೆ, ದೊಡ್ಡ ಅಕ್ಷರ, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಷ್ಟು ಅಂತರ. ಮಸುಕು ಕಣ್ಣಿಗೆ 3 ಮತ್ತು 8, ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಒಂದೇ ಆಗಿ ಕಾಣುತ್ತವೆ. ಆದ್ದರಿಂದ ಗಂಟೆಯನ್ನು ಅಕ್ಷರದಲ್ಲಿ ಬರೆಯುವುದು ಮೇಲು.

ಇಷ್ಟನ್ನೂ ಮನಸ್ಸಿನಲ್ಲಿಟ್ಟು ಮೊಮ್ಮಗಳು ಗುರುವಾರ ಬೆಳಿಗ್ಗೆ ಬರೆದ ಚೀಟಿ ಹೀಗಿದ್ದೀತು:

“ಅಜ್ಜನಿಗೆ ನಮಸ್ಕಾರಗಳು.

ನಿಮ್ಮ ಬಲಗಣ್ಣಿನ ಆಪರೇಷನ್ ಮುಂದಕ್ಕೆ ಹೋಗಿದೆ. ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದೆ ಎಂದು ಡಾಕ್ಟರು ಅಣ್ಣನಿಗೆ ಹೇಳಿದ್ದಾರಂತೆ. ಅದಕ್ಕಾಗಿ ಶುಕ್ರವಾರ, 13ನೇ ತಾರೀಖು ಬೆಳಿಗ್ಗೆ ತೀರ್ಥಹಳ್ಳಿಯಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ಎಂಟು ಗಂಟೆಯೊಳಗೆ ಅಲ್ಲಿರಬೇಕು. ಚಿಕ್ಕಪ್ಪ ಕರೆದುಕೊಂಡು ಹೋಗುತ್ತಾರೆ.

ಗುರುವಾರ ರಾತ್ರಿ ಒಂಬತ್ತು ಗಂಟೆಯೊಳಗೆ ಊಟ ಮುಗಿಸಿ. ಆಮೇಲೆ ಏನನ್ನೂ ತಿನ್ನಬೇಡಿ. ಶುಕ್ರವಾರ ಬೆಳಿಗ್ಗೆ ಕಾಫಿ, ಹಾಲು, ಹಣ್ಣು ಯಾವುದೂ ಬೇಡ. ನೀರು ಕುಡಿಯಬಹುದು.

ಬಿಪಿ ಮಾತ್ರೆಯನ್ನು ಎಂದಿನಂತೆ ಬೆಳಿಗ್ಗೆ ನೀರಿನಲ್ಲಿ ತೆಗೆದುಕೊಳ್ಳಿ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಅಂದು ಎದ್ದ ಕೂಡಲೇ ತೆಗೆದುಕೊಳ್ಳಬೇಡಿ. ಜೊತೆಯಲ್ಲಿ ಒಯ್ದು, ಮೊದಲ ಸಲ ರಕ್ತ ತೆಗೆದ ಮೇಲೆ ತಿಂಡಿಯ ಜೊತೆಗೆ ತೆಗೆದುಕೊಳ್ಳಿ. ಶನಿವಾರದಿಂದ ಎರಡು ಮಾತ್ರೆಯೂ ಎಂದಿನಂತೆಯೇ.

ತಿಂಡಿ ತಿನ್ನಲು ತೊಡಗಿ ಎರಡು ಗಂಟೆಯಾದ ಮೇಲೆ ಮತ್ತೊಮ್ಮೆ ರಕ್ತ ತೆಗೆಯುತ್ತಾರೆ. ಅಲ್ಲಿಯವರೆಗೆ ಬೇರೇನೂ ತಿನ್ನಬೇಡಿ.

ಸಕ್ಕರೆ ಹತೋಟಿಯಲ್ಲಿದೆ ಎಂದು ಪರೀಕ್ಷೆಯಲ್ಲಿ ಕಂಡರೆ, 16ನೇ ತಾರೀಖು ಸೋಮವಾರದಿಂದಾಚೆಯ ವಾರದಲ್ಲಿ ಆಪರೇಷನ್ನಿಗೆ ದಿನ ಗೊತ್ತು ಮಾಡುತ್ತಾರಂತೆ. ಇನ್ನೂ ನಿಶ್ಚಯವಾಗಿಲ್ಲ. ಹಳೆಯ ರಿಪೋರ್ಟುಗಳನ್ನು ನೀಲಿ ಚೀಲದಲ್ಲಿ ಇಟ್ಟಿದ್ದೇನೆ, ಚೀಲ ಮರೆಯಬೇಡಿ. ಗಾಬರಿ ಮಾಡಿಕೊಳ್ಳಬೇಡಿ ಎಂದು ಅಣ್ಣ ಹೇಳಿದ್ದಾನೆ.”

ಸಂದೇಶಕ್ಕಿಂತ ಚೀಟಿ ಎಷ್ಟೋ ಉದ್ದವಾಯಿತು. ಮೂಲದಲ್ಲಿ ಇಲ್ಲದ ಸಂಗತಿಗಳೂ ಇದರಲ್ಲಿವೆ: ಊಟದ ಹೊತ್ತು, ತಾರೀಖು, ಎರಡು ಗಂಟೆಯನ್ನು ಎಣಿಸುವ ಬಗೆ, ಶನಿವಾರದ ಮಾತ್ರೆ. ಇವುಗಳಲ್ಲಿ ಒಂದನ್ನೂ ಅವಳು ಊಹಿಸಿ ಬರೆದಿಲ್ಲ. ಅಣ್ಣನಿಗೆ ಫೋನು ಮಾಡಿ ಕೇಳಿಯೇ ಸೇರಿಸಿದ್ದು.

ಬರೆದಾದ ಮೇಲೆ “ಅರ್ಥವಾಯಿತೇ?” ಎಂದು ಕೇಳಿದರೆ ಹಿರಿಯರು ಹೌದು ಎಂದೇ ತಲೆಯಾಡಿಸುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಚೀಟಿಯನ್ನು ಅವರ ಕೈಗೆ ಕೊಟ್ಟು ಓದಲು ಬಿಟ್ಟು, “ಶುಕ್ರವಾರ ಎದ್ದು ಮೊದಲು ಏನು ಮಾಡುತ್ತೀರಿ ಅಜ್ಜ?” ಎಂದು ಕೇಳಬೇಕು. ಆಗ ಅಜ್ಜ ತಮ್ಮ ಮಾತಿನಲ್ಲಿ ಒಂದೊಂದಾಗಿ ಹೇಳುತ್ತಾ ಹೋಗುತ್ತಾರೆ. ಬರಹ ಎಲ್ಲಿ ಸೋತಿದೆಯೋ ಅಲ್ಲಿ ತಡೆಯುತ್ತಾರೆ. ನಮ್ಮ ಅಜ್ಜ ತಡೆದದ್ದು ಕಾಫಿಯ ಹತ್ತಿರ. “ಸಕ್ಕರೆ ಹಾಕದ ಕಾಫಿ ಆಗಬಹುದಲ್ಲ?” ಎಂದರಂತೆ. ಮೊಮ್ಮಗಳು ಚೀಟಿಯನ್ನು ಹಿಂದಕ್ಕೆ ತೆಗೆದುಕೊಂಡು, ಕಾಫಿ ಎಂಬ ಪದದ ಮೇಲೆ “ಸಕ್ಕರೆ ಇಲ್ಲದ್ದೂ ಬೇಡ” ಎಂದು ಸೇರಿಸಿ, ಬಸ್ಸಿಗೆ ಓಡಿದಳು.